ಅಜ್ಜಿಯಿಂದ ಮೊಮ್ಮಗಳವರೆಗೆ 9 ಫೋಟೋ: ನಡುವಿನ ಮೂರರಲ್ಲಿ ಮುಖ ಯಾಕೆ ಕೆಡುತ್ತಿದೆ?

ಶಿರಾಗೇಟ್_ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಒಂದರಲ್ಲಿ ಆಲ್ಬಮ್ ಡಿಸೈನ್ ಮಾಡುತ್ತೇನೆ. ಮುಂದಿನ ತಿಂಗಳು ನಮ್ಮ ಅಜ್ಜಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಇದೆ. ಅವರ ಮದುವೆ ಹೊತ್ತಿನ ಕಪ್ಪು ಬಿಳುಪು ಫೋಟೋ ಎಡಗಡೆ, ನನ್ನ ತಂಗಿಯ ಈಗಿನ ಫೋಟೋ ಬಲಗಡೆ. ನಡುವೆ 7 ಫೋಟೋಗಳಲ್ಲಿ ಒಂದು ಮುಖ ನಿಧಾನಕ್ಕೆ ಇನ್ನೊಂದಾಗಬೇಕು. ವಿಡಿಯೋ ಬೇಡ. ಒಟ್ಟು 9 ಫೋಟೋ ಒಂದೇ ಪಟ್ಟಿಯಲ್ಲಿ ಪ್ರಿಂಟ್ ಮಾಡಿ ಫ್ರೇಮ್ ಹಾಕಬೇಕು.

ಕೊಲಾಬ್‌ನಲ್ಲಿ ಮುಖ ಹುಟ್ಟಿಸುವ ಮಾಡೆಲ್ ಸ್ಟೈಲ್‌ಗ್ಯಾನ್2 ಓಡಿಸಿದೆ. ಮೊದಲು ಅದರ ಜೊತೆ ಬರುವ `projector.py` ಬಳಸಿದೆ, 1000 ಸ್ಟೆಪ್. ಮುಖ ನೀಟಾಗಿ ಬಂತು, ಆದರೆ ಅಜ್ಜಿ ಅಜ್ಜಿ ಥರ ಕಾಣಲಿಲ್ಲ, ಯಾರೋ ದೂರದ ನೆಂಟರ ಥರ ಇದ್ದರು. ಆಮೇಲೆ ಒಬ್ಬರು ತಿದ್ದಿದ W+ ಸ್ಕ್ರಿಪ್ಟ್ ಸಿಕ್ಕಿತು. ಅದರಲ್ಲಿ ಎರಡೂ ಕೊನೆ ಪಕ್ಕಾ. ಅಜ್ಜಿಯ ಹುಬ್ಬಿನ ನಡುವಿನ ಸಣ್ಣ ಗಾಯದ ಗುರುತೂ ಬಂದಿದೆ.

ತೊಂದರೆ ನಡುವೆ. 1ರಿಂದ 3 ಬಹುತೇಕ ಅಜ್ಜಿಯೇ. 7ರಿಂದ 9 ಬಹುತೇಕ ತಂಗಿಯೇ. 4, 5, 6ರಲ್ಲಿ ಎಲ್ಲ ಬದಲಾವಣೆ ಒಟ್ಟಿಗೆ ಬಂದು ಬೀಳುತ್ತದೆ. 5ರಲ್ಲಂತೂ ಕೆನ್ನೆ ಮೇಣ ಕರಗಿದ ಹಾಗಿದೆ, ನೆತ್ತಿಯ ಮೇಲೆ ಕೂದಲು ಹೊಗೆ ಥರ ಕದಡಿದೆ. ಇಬ್ಬರ ಒಪ್ಪಿಗೆ ಪಡೆದೇ ಫೋಟೋ ಹಾಕಿದ್ದೇನೆ, ಕೆಳಗೆ ನೋಡಿ. ಎಲ್ಲಿ ತಪ್ಪಿದೆ ಹೇಳಿ.

ತಿಪಟೂರು_ಕೋಡರ್

ಇದು ಸುಲಭ. ನೀವು ಸರಳ ರೇಖೆಯಲ್ಲಿ ಹೋಗಿದ್ದೀರಿ, lerp. 512 ಅಂಕಿಗಳ ಗಾಸಿಯನ್ ವೆಕ್ಟರ್‌ಗಳ ಉದ್ದ ಹೆಚ್ಚುಕಮ್ಮಿ 22.6 ಇರುತ್ತದೆ. ಎರಡರ ನಡುವಿನ ಬಿಂದು ತೆಗೆದುಕೊಂಡರೆ ಉದ್ದ 16ಕ್ಕೆ ಇಳಿಯುತ್ತದೆ. ಅಷ್ಟು ಒಳಗಿನ ಜಾಗವನ್ನು ಮಾಡೆಲ್ ಕಲಿಯುವಾಗ ನೋಡಿಯೇ ಇಲ್ಲ. ಅದಕ್ಕೇ ನಡುವೆ ಕೆಡುತ್ತಿದೆ. slerp ಹಾಕಿ, ಗೋಳದ ಮೇಲೇ ಸಾಗುತ್ತದೆ. ಮುಗಿಯಿತು.

ಮಧುಗಿರಿ_ಏಕಶಿಲೆ

ತಿಪಟೂರು ಅಣ್ಣ, ನಿಮ್ಮ ಲೆಕ್ಕ ಸರಿ, ಆದರೆ ಇಲ್ಲಿಗೆ ಅನ್ವಯಿಸುವುದಿಲ್ಲ. ನೀವು ಹೇಳಿದ್ದು Z ಬಗ್ಗೆ, ಅಂದರೆ ಮಾಡೆಲ್‌ಗೆ ಮೊದಲು ಕೊಡುವ ಗಾಸಿಯನ್ ಅಂಕಿಗಳು. ಅದನ್ನು ಮಾಡೆಲ್ ಒಳಗೆ W ಆಗಿ ಬದಲಿಸಿಕೊಳ್ಳುತ್ತದೆ, ಅವರು ಇರುವುದು ಅದರ ದೊಡ್ಡ ರೂಪ W+ನಲ್ಲಿ. ಫೋಟೋದಿಂದ ಹಿಂದಕ್ಕೆ ಹೋಗಿ ಕೋಡ್, ಅಂದರೆ ಆ ಮುಖದ ಅಂಕಿಗಳನ್ನು, ಹುಡುಕಿದಾಗ ಅವರು Z ಮುಟ್ಟಿಯೇ ಇಲ್ಲ. W ಗೋಳ ಅಲ್ಲ, ಅಲ್ಲಿ ಸರಳ ರೇಖೆಯೇ ಸರಿ.

ಇನ್ನೊಂದು. ಸ್ಟೈಲ್‌ಗ್ಯಾನ್‌ನಲ್ಲಿ Z ಒಳಗೆ ಹೋದ ತಕ್ಷಣ ಅದರ ಉದ್ದವನ್ನು ಸಮ ಮಾಡಿಬಿಡುತ್ತಾರೆ. ಹಾಗಾಗಿ Zನಲ್ಲೂ lerp ಮಾಡಿದರೆ ದಾರಿ ಅದೇ, ವೇಗ ಮಾತ್ರ ನಡುವೆ ಜಾಸ್ತಿ ಆಗುತ್ತದೆ. ಮುಖ ಕೆಡುವುದಕ್ಕೆ ಅದು ಕಾರಣ ಅಲ್ಲ.

ತಿಪಟೂರು_ಕೋಡರ್

ಒಪ್ಪುತ್ತೇನೆ. ಆದರೆ ನಾನು ಬೇರೆ ಮಾಡೆಲ್‌ಗಳಲ್ಲಿ slerp ಹಾಕಿ ವ್ಯತ್ಯಾಸ ಕಣ್ಣಾರೆ ನೋಡಿದ್ದೇನೆ. ಸುಮ್ನೆ ಹೇಳಿದ್ದಲ್ಲ.

ಮಧುಗಿರಿ_ಏಕಶಿಲೆ

ಹೌದು, ನೋಡಿರುತ್ತೀರಿ. ಗಾಸಿಯನ್ ನಾಯ್ಸ್ ನೇರವಾಗಿ ಒಳಗೆ ಹೋಗುವ ಮಾಡೆಲ್‌ಗಳಲ್ಲಿ ಅದು ನಿಜವಾಗಿಯೂ ಬೇಕು. ಡಿಫ್ಯೂಷನ್‌ನ ಶುರುವಿನ ನಾಯ್ಸ್ ಇದೆಯಲ್ಲ, ಅಲ್ಲಿ lerp ಮಾಡಿದರೆ ನಡುವಿನ ಚಿತ್ರ ಸಪ್ಪೆ ಆಗುತ್ತದೆ. ಇಲ್ಲಿ ಮಾತ್ರ ಅಲ್ಲ.

ಗುಬ್ಬಿ_ಹುಡುಗ

ಡಿಫ್ಯೂಷನ್ ಅಂದಿರಲ್ಲ, ನನ್ನದೂ ಒಂದು ಪ್ರಶ್ನೆ. ನಾನು ಸ್ಟೇಬಲ್ ಡಿಫ್ಯೂಷನ್‌ನ ವಿಎಇಯಲ್ಲಿ ಎರಡು ಫೋಟೋ ಹಾಕಿ ಲೇಟೆಂಟ್‌ಗಳನ್ನು ಅರ್ಧ ಅರ್ಧ ಬೆರೆಸಿದೆ. ಬಂದಿದ್ದು ಹಳೇ ರೀಲ್ ಕ್ಯಾಮೆರಾದಲ್ಲಿ ಡಬಲ್ ಎಕ್ಸ್‌ಪೋಷರ್ ಆದ ಹಾಗೆ. ನಾಲ್ಕು ಕಣ್ಣು. ಅದೂ ಲೇಟೆಂಟ್ ತಾನೇ?

ಮಧುಗಿರಿ_ಏಕಶಿಲೆ

ಹೆಸರು ಒಂದೇ, ಸ್ವಭಾವ ಬೇರೆ. ಆ ವಿಎಇ ಲೇಟೆಂಟ್ 64×64ರ ಒಂದು ಪುಟ್ಟ ಚಿತ್ರ ಅಂದುಕೊಳ್ಳಿ. 512×512 ಫೋಟೋವನ್ನು ಕುಗ್ಗಿಸಿ 4 ಪದರದಲ್ಲಿ ಇಟ್ಟಿದೆ, ಅಷ್ಟೇ. ಎಡಗಣ್ಣು ಎಲ್ಲಿದೆಯೋ ಅದರ ಅಂಕಿಯೂ ಅಲ್ಲೇ ಇದೆ. ಎರಡನ್ನು ಬೆರೆಸಿದರೆ ಎರಡು ಫೋಟೋ ಒಂದರ ಮೇಲೊಂದು ಇಟ್ಟ ಹಾಗೆಯೇ. ಸ್ಟೈಲ್‌ಗ್ಯಾನ್‌ನ W ಹಾಗಲ್ಲ. ಅಲ್ಲಿ 512 ಅಂಕಿಗಳು "ಎಲ್ಲಿ" ಅಂತ ಹೇಳುವುದಿಲ್ಲ, "ಎಂಥ ಮುಖ" ಅಂತ ಹೇಳುತ್ತವೆ. ಅದಕ್ಕೇ ನಡುವಿನ ಬಿಂದುವಿನಲ್ಲೂ ಎರಡೇ ಕಣ್ಣು ಬರುತ್ತವೆ.

ಕೋಲಾರದ_ಮೇಷ್ಟ್ರು

ಇಷ್ಟೆಲ್ಲ ಯಾಕೆ? ನಾವು ಹಿಂದೆ ಕಂಪ್ಯೂಟರ್‌ನಲ್ಲಿ ಎರಡು ಮುಖಗಳ ಮೇಲೂ ಚುಕ್ಕಿ ಇಡುತ್ತಿದ್ದೆವು. ಕಣ್ಣಿನ ಅಂಚು, ಮೂಗಿನ ತುದಿ, ತುಟಿಯ ಕೊನೆ. ಚುಕ್ಕಿಗಳನ್ನು ತ್ರಿಕೋನಗಳಾಗಿ ಜೋಡಿಸಿದರೆ ಸಾಫ್ಟ್‌ವೇರ್ ಒಂದೊಂದನ್ನೂ ಎಳೆದು ಬೆರೆಸುತ್ತಿತ್ತು. ಅರವತ್ತು ಎಪ್ಪತ್ತು ಚುಕ್ಕಿ ಇಟ್ಟರೆ ಒಳ್ಳೆಯ ಮಾರ್ಫ್ ಬರುತ್ತಿತ್ತು. ಅಜ್ಜಿಯ ಮೂಗುತಿ ಎಲ್ಲೂ ಹೋಗುತ್ತಿರಲಿಲ್ಲ.

ಮಧುಗಿರಿ_ಏಕಶಿಲೆ

ಮೇಷ್ಟ್ರೇ, ಆ ವಿಧಾನ ಈಗಲೂ ಕೆಟ್ಟದ್ದಲ್ಲ. ಎರಡೂ ಮುಖ ನೇರ ನೋಡುತ್ತಿದ್ದು, ಕೂದಲೂ ಒಂದೇ ಥರ ಇದ್ದರೆ ಚುಕ್ಕಿಯದೇ ಮೇಲು. ಆದರೆ ಚುಕ್ಕಿ ಇಡಲಾಗದ ಕಡೆ, ಅಂದರೆ ಕೂದಲು, ಕಿವಿ, ಹಲ್ಲು, ಅಲ್ಲೆಲ್ಲ ಎರಡು ಫೋಟೋಗಳ ನೆರಳು ಕಾಣುತ್ತದೆ. ಇವರ ಅಜ್ಜಿ ಸ್ವಲ್ಪ ಪಕ್ಕಕ್ಕೆ ತಿರುಗಿದ್ದಾರೆ, ತಂಗಿ ನಗುತ್ತಿದ್ದಾರೆ. ಮುಚ್ಚಿದ ತುಟಿಯಿಂದ ಹಲ್ಲು ಹುಟ್ಟಿಸುವುದು ತ್ರಿಕೋನದಿಂದ ಆಗುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ.

`projector.py` ಹುಡುಕುವುದು Wನಲ್ಲಿ. ಒಂದೇ 512 ಅಂಕಿಯ ಸಾಲು, ಅದನ್ನೇ ಎಲ್ಲ 18 ಪದರಗಳಿಗೂ ಕೊಡುತ್ತದೆ. W+ನಲ್ಲಿ 18 ಪದರಗಳಿಗೂ ಬೇರೆ ಬೇರೆ ಸಾಲು. ಸ್ವಾತಂತ್ರ್ಯ 18 ಪಟ್ಟು, ಅದಕ್ಕೇ ಗಾಯದ ಗುರುತೂ ಬಂತು. ಆದರೆ ಆ ಹೋಲಿಕೆಗಾಗಿ ಕೋಡ್ ಮಾಡೆಲ್‌ಗೆ ಗೊತ್ತಿರುವ ಮುಖಗಳ ಊರ ಹೊರಗೆ ಹೋಗಿ ಕೂತಿರುತ್ತದೆ. ಆ ಒಂದು ಬಿಂದುವಿನಲ್ಲಿ ಫೋಟೋ ಸರಿ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಅಲ್ಲಿ ಮುಖಗಳೇ ಇಲ್ಲ. ನಿಮ್ಮ ಮೇಣದ ಕೆನ್ನೆ ಅದೇ.

ಇದು ನಿಜವೇ ಅಂತ ನೀವೇ ನೋಡಬಹುದು. ಅಜ್ಜಿಯಿಂದ ತಂಗಿಗೆ ಹೋಗಬೇಡಿ. ಮೊದಲು ಅಜ್ಜಿಯಿಂದ ಸರಾಸರಿ ಮುಖಕ್ಕೆ ಹೋಗಿ. ಸರಾಸರಿ `G.mapping.w_avg`ನಲ್ಲಿ ಇದೆ. ಕಾಲು ದಾರಿ, ಅರ್ಧ ದಾರಿ, ಮುಕ್ಕಾಲು ದಾರಿಯಲ್ಲಿ ಮುಖ ಹೇಗಿದೆ ನೋಡಿ. ಆಮೇಲೆ ತಂಗಿಯಿಂದಲೂ ಹಾಗೇ ಮಾಡಿ. ಒಳ್ಳೆಯ ಕೋಡ್ ಆದರೆ ದಾರಿಯುದ್ದಕ್ಕೂ ಮನುಷ್ಯರ ಮುಖವೇ ಇರುತ್ತದೆ. ಯಾವ ಕಡೆ ಕೆಡುತ್ತದೋ ಆ ಕೊನೆಯದೇ ತಪ್ಪು.

ಶಿರಾಗೇಟ್_ಸ್ಟುಡಿಯೋ

ಮಾಡಿದೆ ಸಾರ್. ತಂಗಿಯಿಂದ ಸರಾಸರಿಗೆ ಹೋದರೆ ಪರವಾಗಿಲ್ಲ, ಚೆನ್ನಾಗೇ ಇದೆ. ಅಜ್ಜಿಯದು ಕಾಲು ದಾರಿಗೇ ಕೆಟ್ಟಿತು. ಕಿವಿಯ ಹತ್ತಿರ ಚರ್ಮ ಮಡಚಿದ ಹಾಗೆ ಆಗಿದೆ. ಅಂದರೆ ಅಜ್ಜಿಯ ಫೋಟೋದ್ದೇ ತಪ್ಪು.

ಚಿಂತಾಮಣಿ_ಅಕ್ಕ

ನನಗೆ ನಿಮ್ಮ ಕೋಡ್ ಗೊತ್ತಿಲ್ಲ. ಆದರೆ ಅಜ್ಜಿಯ ಫೋಟೋ ಒಂದು ಸಲ ಸರಿಯಾಗಿ ನೋಡಪ್ಪ. ಸೆರಗು ಬಲಗಡೆ ಹೆಗಲ ಮೇಲಿದೆ. ನಮ್ಮ ಕಡೆ ಯಾರು ಹಾಗೆ ಉಡುತ್ತಾರೆ? ಎಡ ಹೆಗಲ ಮೇಲೆ ತಾನೇ ಸೆರಗು ಹಾಕುವುದು? ಬೈತಲೆಯೂ ತಂಗಿಯದಕ್ಕೆ ಉಲ್ಟಾ ಇದೆ. ಫೋಟೋನೇ ತಿರುವುಮುರುವು ಆಗಿದೆ ಅನ್ನಿಸುತ್ತದೆ.

ಶಿರಾಗೇಟ್_ಸ್ಟುಡಿಯೋ

ಅಕ್ಕ!! ಈಗ ಅಮ್ಮನನ್ನು ಕೇಳಿದೆ. ಮನೆಯಲ್ಲಿರುವುದು ಮೂಲ ಪ್ರಿಂಟ್ ಅಲ್ಲವಂತೆ. ಎಷ್ಟೋ ವರ್ಷದ ಮೇಲೆ ನೆಗೆಟಿವ್‌ನಿಂದ ಮತ್ತೆ ಹಾಕಿಸಿದ್ದಂತೆ. ನೆಗೆಟಿವ್ ಮಗುಚಿ ಇಟ್ಟು ಪ್ರಿಂಟ್ ಹಾಕಿದ್ದಾರೆ. ಇಷ್ಟು ವರ್ಷ ಗೋಡೆ ಮೇಲೆ ಇದ್ದರೂ ಒಬ್ಬರೂ ನೋಡಿಲ್ಲ. ದಿನಾ ಫೋಟೋ ಕೆಲಸ ಮಾಡುವ ನನಗೂ ಕಾಣಲಿಲ್ಲ.

ಕೋಲಾರದ_ಮೇಷ್ಟ್ರು

ನೆಗೆಟಿವ್‌ನ ಮಂಕು ಮೇಲ್ಮೈ, ಅಂದರೆ ರಾಸಾಯನಿಕ ಬಳಿದ ಬದಿ, ಕಾಗದದ ಕಡೆ ಇರಬೇಕು. ಹೊಳೆಯುವ ಬದಿ ಕೆಳಗೆ ಬಂದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಆಗುತ್ತದೆ. ಡಾರ್ಕ್‌ರೂಮಿನಲ್ಲಿ ಅವಸರದ ಕೆಲಸ ಆದಾಗ ಹೀಗಾಗುತ್ತಿತ್ತು. ಅಂಗಡಿ ಬೋರ್ಡ್ ಏನಾದರೂ ಹಿಂದೆ ಇದ್ದರೆ ಅಕ್ಷರ ನೋಡಿ ಗೊತ್ತಾಗುತ್ತಿತ್ತು. ಬರೀ ಪರದೆ ಇದ್ದರೆ ಗೊತ್ತೇ ಆಗುವುದಿಲ್ಲ. ಸೆರಗು ನೋಡಿ ಹಿಡಿದದ್ದು ಭಲೇ.

ಗುಬ್ಬಿ_ಹುಡುಗ

ಆದರೆ ಮಾಡೆಲ್‌ಗೆ ಎಡ ಬಲ ಏನು ವ್ಯತ್ಯಾಸ? ಟ್ರೇನಿಂಗ್‌ನಲ್ಲೇ ಫೋಟೋಗಳನ್ನು ತಿರುವಿ ಹಾಕುತ್ತಾರಲ್ಲ.

ಮಧುಗಿರಿ_ಏಕಶಿಲೆ

ಒಂದೊಂದು ಫೋಟೋಗೆ ವ್ಯತ್ಯಾಸ ಇಲ್ಲ, ನಿಜ. ಎರಡರ ನಡುವೆ ಹೋಗುವಾಗ ಇದೆ. ಒಂದರಲ್ಲಿ ಬೈತಲೆ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ನಡು ದಾರಿಯಲ್ಲಿ ಆ ಗೆರೆ ನೆತ್ತಿಯನ್ನು ದಾಟಬೇಕು. ಬೈತಲೆ ಸರಿಯುವುದಿಲ್ಲ, ಒಂದು ಕಡೆ ಅಳಿಸಿ ಇನ್ನೊಂದು ಕಡೆ ಮೂಡುತ್ತದೆ. ಅದೇ ನಿಮ್ಮ 5ನೇ ಫೋಟೋದ ಹೊಗೆ ಥರದ ಕೂದಲು. ಮುಖ ಒಬ್ಬರದು ಎಡಕ್ಕೆ, ಒಬ್ಬರದು ಬಲಕ್ಕೆ ತಿರುಗಿದ್ದರೂ ಹಾಗೆಯೇ, ನಡುವೆ ಇಡೀ ತಲೆ ತಿರುಗಬೇಕಾಗುತ್ತದೆ. ಅಜ್ಜಿಯನ್ನು ಸರಿ ಮಾಡಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾರೆ. ಅರ್ಧ ಕೆಲಸ ಅಕ್ಕ ಮಾಡಿಕೊಟ್ಟರು.

ಉಳಿದ ಅರ್ಧ ಹೀಗೆ ಮಾಡಿ. ತಂಗಿಯ ಫೋಟೋವನ್ನೂ ಕಪ್ಪು ಬಿಳುಪು ಮಾಡಿ. ಇಲ್ಲದಿದ್ದರೆ ಬಣ್ಣದ ಬದಲಾವಣೆ ಮುಖದ ಬದಲಾವಣೆಯನ್ನು ನುಂಗುತ್ತದೆ. ಬಣ್ಣ ಬೇಕಿದ್ದರೆ ಕೊನೆಯಲ್ಲಿ ಫೋಟೋಶಾಪ್‌ನಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ನಂತರ W+ ಬಿಟ್ಟು Wಗೇ ವಾಪಸ್ ಹೋಗಿ. "ದೂರದ ನೆಂಟರ ಥರ" ಅಂದಿರಲ್ಲ, ಆ ಮುಖವೇ ಇರಲಿ. ಅದು ಊರ ಒಳಗಿದೆ. ಈಗ ಕೋಡ್ ಸರಿಸಬೇಡಿ, ಕೋಡ್‌ನಿಂದ ಚಿತ್ರ ಬಿಡಿಸುವ ಜನರೇಟರ್‌ನ್ನೇ ಸ್ವಲ್ಪ ತಿದ್ದಿ, ಆ ಬಿಂದುವಿನಲ್ಲಿ ನಿಮ್ಮ ಅಜ್ಜಿಯೇ ಬರುವ ಹಾಗೆ. ಇದಕ್ಕೆ ಪಿಟಿಐ ಅಂತಾರೆ, 2021ರಲ್ಲಿ ಬಂತು. ಅದರಲ್ಲಿ ಮೊದಲು 450 ಸ್ಟೆಪ್ ಕೋಡ್ ಹುಡುಕಲು, ಆಮೇಲೆ ಹೆಚ್ಚೆಂದರೆ 350 ಸ್ಟೆಪ್ ತಿದ್ದಲು ಅಂತ ಇಟ್ಟಿದ್ದಾರೆ.

ಶಿರಾಗೇಟ್_ಸ್ಟುಡಿಯೋ

ಪಿಟಿಐ ಓಡಿಸಿದೆ ಸಾರ್. ಅಜ್ಜಿಗೆ ಒಂದು ಸಲ, ತಂಗಿಗೆ ಒಂದು ಸಲ. ಎರಡೂ ಅದ್ಭುತ. ಆದರೆ ಈಗ ಹೊಸ ಸಮಸ್ಯೆ. ಅಜ್ಜಿಯ ಮಾಡೆಲ್ ಬಳಸಿ ನಡೆದರೆ 9ನೆಯದು ತಂಗಿ ಅಲ್ಲ. ತಂಗಿಯ ಮಾಡೆಲ್ ಬಳಸಿದರೆ 1ನೆಯದು ಅಜ್ಜಿ ಅಲ್ಲ.

ತಿಪಟೂರು_ಕೋಡರ್

ಇದು ನನಗೆ ಗೊತ್ತು. ಎರಡು ಸಲ ತಿದ್ದಿದರೆ ಎರಡು ಬೇರೆ ಜನರೇಟರ್ ಆದವು. ಕೋಡ್ ಜೊತೆಗೆ ಎರಡು ಜನರೇಟರ್‌ಗಳ ತೂಕಗಳನ್ನೂ ಅದೇ ಪ್ರಮಾಣದಲ್ಲಿ ಬೆರೆಸುತ್ತಾ ಹೋಗಿ. ಎರಡೂ ಒಂದೇ ತಾಯಿಯಿಂದ ಬಂದವು, ಹಾಗಾಗಿ ಬೆರೆಯುತ್ತವೆ.

ಮಧುಗಿರಿ_ಏಕಶಿಲೆ

ಅದೂ ಆಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಸುಲಭದ ದಾರಿ ಬೇರೆ ಇದೆ. ಎರಡೂ ಫೋಟೋ ಒಂದೇ ಫೋಲ್ಡರ್‌ನಲ್ಲಿಟ್ಟು ಒಂದೇ ಜನರೇಟರ್ ತಿದ್ದಿ. `use_multi_id_training=True` ಅಂತ ಆಯ್ಕೆ ಇದೆ. ಆಗ ಒಂದೇ ಜನರೇಟರ್ ಎರಡು ಬಿಂದುಗಳಲ್ಲೂ ಸರಿ ಇರುವ ಹಾಗೆ ಕಲಿಯುತ್ತದೆ. ಜಾಸ್ತಿ ಹೊತ್ತು ತಿದ್ದಬೇಡಿ. ಕೊನೆಗಳು ಇನ್ನಷ್ಟು ಚೂಪಾಗುತ್ತವೆ, ನಡುವೆ ಮತ್ತೆ ಕೆಡಲು ಶುರುವಾಗುತ್ತದೆ. ಮೊದಲಿನ ಸರಾಸರಿ ಪರೀಕ್ಷೆ ಈಗಲೂ ಮಾಡಿ ನೋಡಿ.

ಮಾಲೂರು_ತಮ್ಮ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಅಣ್ಣ ಹನ್ನೊಂದು ವರ್ಷದವನಿದ್ದಾಗ ಮನೆ ಬಿಟ್ಟು ಹೋದ. ಅವನ ಒಂದು ಫೋಟೋ ಇದೆ, ಅಪ್ಪನ ನಲವತ್ತರ ವಯಸ್ಸಿನ ಫೋಟೋನೂ ಇದೆ. ಇದೇ ರೀತಿ ಎರಡರ ನಡುವೆ ಮಾಡಿದರೆ ಅಣ್ಣ ಈಗ ಹೇಗಿರಬಹುದು ಅಂತ ಸಿಗುತ್ತದಾ?

ಮಧುಗಿರಿ_ಏಕಶಿಲೆ

ತಮ್ಮಾ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸಿಗುವುದಿಲ್ಲ. ನಡುವಿನ ಮುಖ ಯಾರದ್ದೂ ಅಲ್ಲ. ಮಗುವಿನ ಗುಣ ಸ್ವಲ್ಪ, ಅಪ್ಪನ ಗುಣ ಸ್ವಲ್ಪ ಬೆರೆಸಿ ಮಾಡೆಲ್ ತಾನು ನೋಡಿದ ಮುಖಗಳಿಂದ ತುಂಬಿಸಿರುತ್ತದೆ. ನೋಡಲು ನಿಜವಾದ ಫೋಟೋ ಥರವೇ ಇರುತ್ತದೆ, ಅದೇ ಅಪಾಯ. ಅದನ್ನು ಹಿಡಿದು ಹುಡುಕಿದರೆ ಎದುರಿಗೇ ಬಂದವನನ್ನು ಬಿಟ್ಟುಬಿಡಬಹುದು. ವಯಸ್ಸು ಹೆಚ್ಚಿಸಿ ಮುಖ ಬಿಡಿಸುವ ಕೆಲಸವನ್ನು ಅದನ್ನೇ ಕಲಿತ ಚಿತ್ರಕಾರರು ಮಾಡುತ್ತಾರೆ, ಅಕ್ಕತಂಗಿ ಅಣ್ಣತಮ್ಮಂದಿರ ಬೇರೆ ಬೇರೆ ವಯಸ್ಸಿನ ಫೋಟೋಗಳನ್ನೂ ನೋಡಿಕೊಂಡು. ನಿನ್ನ ಫೋಟೋಗಳನ್ನೂ ಜೋಪಾನವಾಗಿ ಎತ್ತಿಡು.

ಚಿಂತಾಮಣಿ_ಅಕ್ಕ

ಮಾಲೂರು ತಮ್ಮ, ಬೇರೆ ಥ್ರೆಡ್ ಹಾಕು. ಇಲ್ಲಿ ನಮ್ಮ ಸುತ್ತಿನ ಊರುಗಳವರೇ ಇದ್ದೇವೆ. ಫೋಟೋ ನೋಡಿದರೆ ಯಾರಿಗಾದರೂ ಗೊತ್ತಾಗಬಹುದು.

ಪಾವಗಡ_ಬಿಸಿಲು

ಒಂದು ಮಾತು. ಎನ್‌ವಿಡಿಯಾದವರ ಈ ಕೋಡ್‌ನ ಲೈಸೆನ್ಸ್ ವ್ಯಾಪಾರಕ್ಕೆ ಇಲ್ಲ. ಮನೆಗೆ ಮಾಡಿಕೊಂಡರೆ ಸರಿ. ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ದುಡ್ಡಿಗೆ ಮಾಡಿಕೊಡುವ ಯೋಚನೆ ಇದ್ದರೆ ಮೊದಲು ಅದನ್ನು ಓದಿ.

ಶಿರಾಗೇಟ್_ಸ್ಟುಡಿಯೋ

ಇದು ನಮ್ಮ ಮನೆಗೇ ಅಣ್ಣ. ಓನರ್‌ಗೆ ನಿಮ್ಮ ಮಾತು ತಿಳಿಸುತ್ತೇನೆ, ಅವರು ಆಗಲೇ ಮದುವೆ ಆಲ್ಬಮ್‌ಗೆ ಹಾಕೋಣ ಅಂತಿದ್ದರು.

ಒಂದೇ ಜನರೇಟರ್ ತಿದ್ದಿದೆ. ಅಜ್ಜಿಯ ಫೋಟೋ ತಿರುವಿ, ತಂಗಿಯದು ಕಪ್ಪು ಬಿಳುಪು ಮಾಡಿ. ಕೆನ್ನೆ ಸರಿಹೋಯಿತು, ಕೂದಲೂ ಸರಿಹೋಯಿತು. ಈಗ ಉಳಿದದ್ದು ಒಂದೇ. ಇನ್ನೂ 4ರಿಂದ 6ರಲ್ಲೇ ಜಾಸ್ತಿ ಬದಲಾಗುತ್ತಿದೆ. 1, 2, 3 ಒಂದೇ ಫೋಟೋ ಮೂರು ಸಲ ಪ್ರಿಂಟ್ ಮಾಡಿದ ಹಾಗಿದೆ.

ಮಧುಗಿರಿ_ಏಕಶಿಲೆ

ಅಂಕಿಯಲ್ಲಿ ಸಮ ಹೆಜ್ಜೆ ಇಟ್ಟರೆ ಕಣ್ಣಿಗೆ ಸಮ ಹೆಜ್ಜೆ ಆಗಬೇಕೆಂದಿಲ್ಲ. ಮುಚ್ಚಿದ ತುಟಿ ತೆರೆದು ಹಲ್ಲು ಕಾಣುವ ಜಾಗದಲ್ಲಿ ಸಣ್ಣ ಹೆಜ್ಜೆಗೂ ದೊಡ್ಡ ಬದಲಾವಣೆ. ವಿಡಿಯೋದಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. 9 ಫೋಟೋ ಪಕ್ಕಪಕ್ಕ ಇಟ್ಟಾಗ ಎದ್ದು ಕಾಣುತ್ತದೆ.

9 ಮಾಡಬೇಡಿ, 201 ಮಾಡಿ. ಅಕ್ಕಪಕ್ಕದ ಎರಡೆರಡರ ನಡುವೆ ಎಷ್ಟು ವ್ಯತ್ಯಾಸ ಅಂತ `lpips`ನಿಂದ ಅಳೆಯಿರಿ. ಅದು ಪಿಕ್ಸೆಲ್ ಲೆಕ್ಕ ಅಲ್ಲ, ಮನುಷ್ಯರ ಕಣ್ಣಿಗೆ ಹತ್ತಿರದ ಲೆಕ್ಕ. ಆ ವ್ಯತ್ಯಾಸಗಳನ್ನು ಕೂಡುತ್ತಾ ಹೋದರೆ ದಾರಿಯ ಒಟ್ಟು ಉದ್ದ ಸಿಗುತ್ತದೆ. ಅದನ್ನು 8 ಸಮ ಭಾಗ ಮಾಡಿ, ಆ ಜಾಗದ ಫೋಟೋಗಳನ್ನು ಆರಿಸಿ.

```python
t = np.linspace(0, 1, 201)
imgs = [synth(w_a + (w_b - w_a) * float(x)) for x in t]
d = [lpips_fn(imgs[i], imgs[i+1]).item() for i in range(200)]
s = np.concatenate([[0], np.cumsum(d)])
pick = [np.abs(s - v).argmin() for v in np.linspace(0, s[-1], 9)]
```

ಎರಡು ಎಚ್ಚರಿಕೆ. `synth` ಒಳಗೆ `noise_mode='const'` ಇರಲಿ. ಇಲ್ಲದಿದ್ದರೆ ಪ್ರತಿ ಫೋಟೋದಲ್ಲೂ ಕೂದಲಿನ ಎಳೆ ಬೇರೆ ಬೇರೆ ಆಗಿ ಅಳತೆಯೇ ತಪ್ಪುತ್ತದೆ. ಅಳೆಯಲು 256ಕ್ಕೆ ಕುಗ್ಗಿಸಿದ ಫೋಟೋ ಸಾಕು, 1024ರಲ್ಲಿ 201 ಇಟ್ಟುಕೊಂಡರೆ ಮೆಮೊರಿ ಸುಮ್ಮನೆ ಖರ್ಚಾಗುತ್ತದೆ. ಆರಿಸಿದ 9ನ್ನು ಮಾತ್ರ ದೊಡ್ಡದಾಗಿ ತೆಗೆಯಿರಿ.

ಗುಬ್ಬಿ_ಹುಡುಗ

ಕಣ್ಣಲ್ಲೇ ನೋಡಿ ಆರಿಸಿದರೆ ಆಗಲ್ವಾ?

ಮಧುಗಿರಿ_ಏಕಶಿಲೆ

ಆಗುತ್ತದೆ. 9ಕ್ಕೆ ಆಗುತ್ತದೆ. ಆದರೆ ಇದನ್ನು ಓಡಿಸಿ, ಆಮೇಲೆ ಕಣ್ಣಲ್ಲಿ ಒಂದೆರಡು ಬದಲಿಸಿದರೆ ಬೇಗ ಮುಗಿಯುತ್ತದೆ.

ಶಿರಾಗೇಟ್_ಸ್ಟುಡಿಯೋ

ಬಂತು! 2ನೆಯದಕ್ಕೆ 48ನೇ ಚಿತ್ರ ಆರಿಸಿದೆ. ಮೊದಲು ನಾನು ಸಮವಾಗಿ 25ನೆಯದು ತೆಗೆದಿದ್ದೆ, ಅದಕ್ಕೇ ಏನೂ ಬದಲಾಗಿರಲಿಲ್ಲ. ನಡುವಿನ ಮೂರು 88, 99, 109. ಅಂದರೆ ತುಟಿ ತೆರೆಯುವ ಜಾಗದಲ್ಲಿ ಹತ್ತು ಹನ್ನೊಂದು ಚಿತ್ರಕ್ಕೊಂದು ಆರಿಸಿದೆ. ಪಟ್ಟಿಯನ್ನು ದೂರದಿಂದ ನೋಡಿದರೆ ಈಗ ಎಲ್ಲೂ ಜಿಗಿತ ಇಲ್ಲ.

ಒಂದೇ ಕೊರಗು ಮೂಗುತಿ. ಅಜ್ಜಿಯದು ಏಳು ಕಲ್ಲಿನದು, ತಂಗಿಯದು ಚಿಕ್ಕ ಒಂಟಿ ಕಲ್ಲು. ಕೊನೆಗಳಲ್ಲಿ ಎರಡೂ ಇವೆ. ಫೋಟೋ 4, 5, 6ರಲ್ಲಿ ಮೂಗಿನ ಮೇಲೆ ಬೆಳ್ಳಗೆ ಏನೋ ಒರೆಸಿದ ಹಾಗಿದೆ.

ಮಧುಗಿರಿ_ಏಕಶಿಲೆ

ಅದು ಹಾಗೇ ಆಗುತ್ತದೆ. ಮೂಲ ಮಾಡೆಲ್ ಕಲಿತ 70,000 ಮುಖಗಳಲ್ಲಿ ಮೂಗುತಿ ತೀರಾ ಕಡಿಮೆ. ತಿದ್ದಿದಾಗ ಎರಡು ಬಿಂದುಗಳಲ್ಲಿ ಮಾತ್ರ ಅದನ್ನು ಬಾಯಿಪಾಠ ಮಾಡಿದೆ. ನಡುವೆ ಮೂಗುತಿ ಅಂದರೆ ಏನು ಅಂತ ಅದಕ್ಕೆ ಗೊತ್ತಿಲ್ಲ. ನಾನಾದರೆ ಆ ಮೂರರಲ್ಲಿ ಕಲೆ ಅಳಿಸಿ ಮೂಗು ಖಾಲಿ ಬಿಡುತ್ತೇನೆ. ಇಲ್ಲದ್ದನ್ನು ಕೈಯಿಂದ ಬರೆದರೆ ಅದು ಮಾರ್ಫ್ ಅಲ್ಲ.

ಚಿಂತಾಮಣಿ_ಅಕ್ಕ

ಖಾಲಿ ಮೂಗಾ? ಶಾಂತಿಯ ದಿನ ಗೋಡೆಗೆ ಹಾಕುವ ಫೋಟೋದಲ್ಲಿ? ಬೇಡವೇ ಬೇಡ. ಅಜ್ಜಿ ಮೊದಲು ನೋಡುವುದೇ ಮೂಗುತಿ.

ಕೋಲಾರದ_ಮೇಷ್ಟ್ರು

ಟಚಿಂಗ್ ಮಾಡಪ್ಪ. ನಾವು ಬ್ರಷ್ ಹಿಡಿದು ಪ್ರಿಂಟ್ ಮೇಲೆಯೇ ಮಾಡುತ್ತಿದ್ದೆವು. 4ರಲ್ಲಿ ಏಳು ಕಲ್ಲು, 5ರಲ್ಲಿ ಅದೇ ಸ್ವಲ್ಪ ಚಿಕ್ಕದು, 6ರಲ್ಲಿ ಒಂಟಿ ಕಲ್ಲು. ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ ಹೊಳಪು ಆ ಕಡೆಗೇ ಇಡು.

ಮಧುಗಿರಿ_ಏಕಶಿಲೆ

ಮೇಷ್ಟ್ರೇ, ನನಗೆ ಇನ್ನೂ ಒಪ್ಪಿಗೆ ಇಲ್ಲ. 5ರಲ್ಲಿ ಇಟ್ಟರೆ ಅದು ಯಾರ ಮೂಗುತಿ?

ಕೋಲಾರದ_ಮೇಷ್ಟ್ರು

ಮುಖ ಯಾರದು ಅಂತ ನೀವೇ ಹೇಳಲು ಆಗಲಿಲ್ಲ. ಮೂಗುತಿಗೆ ಯಾಕೆ ಲೆಕ್ಕ ಕೇಳುತ್ತೀರಿ?

ಶಿರಾಗೇಟ್_ಸ್ಟುಡಿಯೋ

ನಿನ್ನೆ ಎರಡು ಥರವೂ ಪ್ರೂಫ್ ಹಾಕಿಸಿ ಮನೆಗೆ ತಂದೆ. ಒಂದು ಮೂಗುತಿ ಇರುವುದು, ಒಂದು ಇಲ್ಲದ್ದು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಮೊದಲನೆಯ ಫೋಟೋ ಹತ್ತಿರವೇ ತುಂಬಾ ಹೊತ್ತು ನಿಂತರು. "ಸೆರಗು ಈಗ ಸರಿಯಾಯಿತು" ಅಂದರು. ಅವರಿಗೆ ಮೊದಲಿಂದಲೂ ಗೊತ್ತಿತ್ತಂತೆ, ಯಾರೂ ಕೇಳಲಿಲ್ಲವಂತೆ. 5ನೆಯದನ್ನು ನೋಡಿ "ಇವಳು ಯಾರು?" ಅಂತ ಕೇಳಿದರು. ಯಾರೂ ಅಲ್ಲ ಅಜ್ಜಿ, ಕಂಪ್ಯೂಟರ್ ಮಾಡಿದ್ದು ಅಂದೆ. ಮೂಗುತಿ ಇರುವ ಪಟ್ಟಿಯನ್ನೇ ತೆಗೆದಿಟ್ಟುಕೊಂಡರು.

ಚಿಂತಾಮಣಿ_ಅಕ್ಕ

ನಾನು ಹೇಳಲಿಲ್ಲವಾ! ಗ್ಲಾಸಿ ಕಾಗದದಲ್ಲಿ ಹಾಕಿಸಬೇಡ, ಲೈಟ್ ಹಾಕಿದರೆ ಮುಖವೇ ಕಾಣುವುದಿಲ್ಲ. ಮ್ಯಾಟ್ ಹಾಕಿಸು.

ಶಿರಾಗೇಟ್_ಸ್ಟುಡಿಯೋ

ಮ್ಯಾಟೇ ಅಕ್ಕ. ಮನೆಯಲ್ಲಿದ್ದ ಹಳೇ ಫೋಟೋನೂ ಸರಿಯಾಗಿ ತಿರುವಿ ಬೇರೆ ಪ್ರಿಂಟ್ ಹಾಕಿಸುತ್ತಿದ್ದೇನೆ, ಹಳೆಯದರ ಪಕ್ಕದಲ್ಲೇ ಇಡಲು. ಹಳೆಯದನ್ನು ತೆಗೆಯಲು ಅಮ್ಮ ಬಿಡುತ್ತಿಲ್ಲ.